ಟಿಪ್ಸ್ ಡಬ್ಬದ ಲೆಕ್ಕ: ಸಪ್ಲೈಯರ್‌ನಿಂದ ಕ್ಲೀನರ್‌ವರೆಗೆ ಹಂಚುವುದು ಹೇಗೆ?

ಬೆಂಗಳೂರಿನ ಒಂದು ಹೋಟೆಲಿನಲ್ಲಿ ಊಟ ಮುಗಿಸಿ ಫೋನಿನಲ್ಲೇ ದುಡ್ಡು ಕೊಟ್ಟೆ. 1,260 ರೂಪಾಯಿ ಬಿಲ್ಲಿಗೆ 1,300 ಹಾಕಿ, 'ಉಳಿದದ್ದು ನಿಮಗೆ' ಎಂದೆ. ಸಪ್ಲೈಯರ್ ಹುಡುಗ ಮೆಲ್ಲಗೆ, 'ಕ್ಯಾಶ್ ಇದ್ರೆ ಕೊಡಿ ಸಾರ್, ಫೋನಲ್ಲಿ ಬಂದದ್ದು ನಮ್ಮ ಕೈಗೆ ಬರಲ್ಲ' ಎಂದ. ಆ 40 ರೂಪಾಯಿ ಅವನ ಕೈ ಸೇರುವ ದಾರಿ ಕಷ್ಟದ್ದೇನಲ್ಲ. ಒಂದು ನೋಟ್‌ಬುಕ್, ಒಂದು ಬೀಗದ ಡಬ್ಬ, ವಾರಕ್ಕೆ ಅರ್ಧ ಗಂಟೆ ಸಾಕು.

ಮೊದಲು ಬಿಲ್ ಸರಿ ಮಾಡಿಕೊಳ್ಳಿ. ಗ್ರಾಹಕರನ್ನು ಕೇಳದೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇರೆ ಹೆಸರಿಟ್ಟು ಸೇರಿಸಿದರೂ ತಪ್ಪೇ. 1,200 ರೂಪಾಯಿ ಊಟಕ್ಕೆ ಶೇ 5 ಜಿಎಸ್‌ಟಿ ಸೇರಿದರೆ 1,260. ಶೇ 10 ಸರ್ವಿಸ್ ಚಾರ್ಜ್ ಹಾಕಿ, ಅದರ ಮೇಲೂ ಜಿಎಸ್‌ಟಿ ಹಾಕಿದರೆ 1,386 ಆಗುತ್ತದೆ. ಗ್ರಾಹಕರು ಆ ಸಾಲನ್ನು ತೆಗೆಯಿರಿ ಎನ್ನಬಹುದು. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಟಿಪ್ಸ್ ಬೇರೆ ಮಾತು. ಅದು ಗ್ರಾಹಕರು ಖುಷಿಯಿಂದ ಕೊಡುವುದು.

ಕ್ಯಾಶ್ ಟಿಪ್ಸ್ ನೇರ ಬೀಗದ ಡಬ್ಬಕ್ಕೆ ಹೋಗಲಿ. ಬೀಗದ ಕೈ ಸಪ್ಲೈಯರ್‌ಗಳು ಆರಿಸಿದ ಒಬ್ಬರ ಬಳಿ ಇರಲಿ. ಫೋನಿನಲ್ಲಿ ಬಂದದ್ದನ್ನು ಆಗಲೇ ಬರೆಯಬೇಕು: ಬಿಲ್ ನಂಬರ್, ಬಿಲ್ 1,260, ಬಂದದ್ದು 1,300, ಟಿಪ್ಸ್ 40. ರಾತ್ರಿ ಬರೆದರಾಯಿತು ಅಂದುಕೊಂಡರೆ ಅರ್ಧ ಮರೆತೇ ಹೋಗುತ್ತದೆ.

ಬರೆದದ್ದು ಸರಿ ಇದೆಯೇ ಎಂದು ನೋಡಲು ಸುಲಭದ ದಾರಿಯಿದೆ. ವಾರದಲ್ಲಿ ಯುಪಿಐ ಮೂಲಕ ಒಟ್ಟು 1,12,750 ರೂಪಾಯಿ ಬಂದಿದೆ, ಯುಪಿಐನಲ್ಲಿ ಕಟ್ಟಿದ ಬಿಲ್‌ಗಳ ಮೊತ್ತ 1,09,000 ಅಂತಿಟ್ಟುಕೊಳ್ಳಿ. ವ್ಯತ್ಯಾಸ 3,750. ನೋಟ್‌ಬುಕ್ಕಿನಲ್ಲೂ ಅಷ್ಟೇ ಇರಬೇಕು. ನೋಟ್‌ಬುಕ್ಕಿನಲ್ಲಿ ಕಡಿಮೆ ಇದ್ದರೆ ಯಾರೋ ಬರೆಯಲು ಮರೆತಿದ್ದಾರೆ, ಇಲ್ಲವೇ ಒಂದೇ ಬಿಲ್ಲಿಗೆ ಇಬ್ಬರು ದುಡ್ಡು ಹಾಕಿದ್ದಾರೆ.

ಈಗ ಹಂಚಿಕೆ. ಟೇಬಲ್ ಒರೆಸುವ ಕ್ಲೀನರ್‌ಗೂ ಒಳಗೆ ಬೆಂಕಿಯ ಮುಂದೆ ನಿಂತವರಿಗೂ ಪಾಲು ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೋಸೆ ಗರಿಗರಿಯಾಗಿ ಬಂದದ್ದಕ್ಕೇ ಅಲ್ವಾ ಗ್ರಾಹಕರ ಕೈ ಜೇಬಿಗೆ ಹೋದದ್ದು? ಕೆಲಸಕ್ಕೆ ತಕ್ಕ ಪಾಯಿಂಟ್ ಇಟ್ಟು, ಅದನ್ನು ಬಂದ ದಿನಗಳಿಂದ ಗುಣಿಸಿ. ಸಪ್ಲೈಯರ್‌ಗೆ ದಿನಕ್ಕೆ 3, ಅಡುಗೆಯವರಿಗೆ 2, ಕ್ಲೀನರ್‌ಗೆ 2 ಪಾಯಿಂಟ್ ಅನ್ನೋಣ.

ನಾಲ್ವರು ಸಪ್ಲೈಯರ್‌ಗಳಲ್ಲಿ ಮೂವರು ಆರು ದಿನ, ಒಬ್ಬ ನಾಲ್ಕು ದಿನ ಬಂದಿದ್ದಾರೆ. 22 ದಿನಕ್ಕೆ 66 ಪಾಯಿಂಟ್. ಅಡುಗೆಯ ಮೂವರೂ ಆರು ದಿನ ಬಂದಿದ್ದಾರೆ, 36 ಪಾಯಿಂಟ್. ಇಬ್ಬರು ಕ್ಲೀನರ್‌ಗಳಲ್ಲಿ ಒಬ್ಬರು ಆರು ದಿನ, ಇನ್ನೊಬ್ಬರು ಮೂರು ದಿನ, 18 ಪಾಯಿಂಟ್. ಒಟ್ಟು 120. ಡಬ್ಬದಲ್ಲಿ 5,850, ಯುಪಿಐನಲ್ಲಿ 3,750, ಸೇರಿ 9,600 ರೂಪಾಯಿ. ಒಂದು ಪಾಯಿಂಟಿಗೆ 80. ಪೂರ್ತಿ ವಾರ ಬಂದ ಸಪ್ಲೈಯರ್‌ಗೆ 1,440, ಅಡುಗೆಯವರಿಗೂ ಪೂರ್ತಿ ವಾರದ ಕ್ಲೀನರ್‌ಗೂ ತಲಾ 960. ನಾಲ್ಕು ದಿನ ಬಂದ ಸಪ್ಲೈಯರ್‌ಗೂ 960, ಮೂರು ದಿನದ ಕ್ಲೀನರ್‌ಗೆ 480. ಎಲ್ಲರ ಮುಂದೆ ಎಣಿಸಿ ಕೊಟ್ಟು, ಹೆಸರಿನ ಮುಂದೆ ಸಹಿ ಹಾಕಿಸಿಕೊಳ್ಳಿ.

ಮಾಲೀಕರು ಇದರಲ್ಲಿ ಪಾಲು ತೆಗೆದುಕೊಳ್ಳಬಾರದು. ಒಡೆದ ಗ್ಲಾಸಿನ ದುಡ್ಡನ್ನೂ ಇಲ್ಲಿಂದ ಹಿಡಿಯಬಾರದು. ಕಾರ್ಡಿನಲ್ಲಿ ಬಂದ ಟಿಪ್ಸ್ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಅದರ ಪ್ರಕಾರ, ಆ ಹಣ ಕೆಲಸಗಾರರದ್ದು, ಹೋಟೆಲ್ ಅದನ್ನು ಅವರ ಪರವಾಗಿ ಇಟ್ಟುಕೊಂಡಿರುತ್ತದೆ ಅಷ್ಟೇ. ಅದು ಸಂಬಳವಲ್ಲ, ಹಾಗಾಗಿ ಮಾಲೀಕರು ಅದರ ಮೇಲೆ ಸಂಬಳದ ಟಿಡಿಎಸ್ ಹಿಡಿಯಬೇಕಿಲ್ಲ. ಆದರೆ ಕೆಲಸಗಾರರ ಲೆಕ್ಕದಲ್ಲಿ ಅದು ಆದಾಯವೇ. ಟಿಪ್ಸ್ ಸಿಗುತ್ತದಲ್ಲ ಎಂದು ಸಂಬಳ ಕಡಿಮೆ ಮಾಡುವುದು ಅನ್ಯಾಯ.

ಜಗಳ ಜಾಸ್ತಿ ಆಗುವುದು ಪಾಯಿಂಟ್ ಬದಲಿಸಿದಾಗ. ಬದಲಿಸುವುದಿದ್ದರೆ ಮುಂದಿನ ವಾರದಿಂದ ಬದಲಿಸಿ, ಎಣಿಸುವ ಹೊತ್ತಿಗೆ ಬೇಡ. ವಾರದ ಮಧ್ಯೆ ಕೆಲಸ ಬಿಟ್ಟು ಊರಿಗೆ ಹೋದ ಸಪ್ಲೈಯರ್ ಹುಡುಗನ ಹೆಸರನ್ನೂ ಹೊಡೆದು ಹಾಕಬೇಡಿ. ಎರಡು ದಿನ ಬಂದಿದ್ದರೆ ಅವನದ್ದು ಆರು ಪಾಯಿಂಟ್, ಆ ವಾರ ಪಾಯಿಂಟಿಗೆ 80 ಬಂದಿದ್ದರೆ 480 ರೂಪಾಯಿ. ಅವನ ನಂಬರಿಗೆ ಕಳಿಸಿ, ಸಹಿಯ ಜಾಗದಲ್ಲಿ ಕಳಿಸಿದ ತಾರೀಕು ಬರೆಯಿರಿ.