ಅಜ್ಜಿ ತೀರಿಕೊಂಡ ದಿನ ನಾನು ಬರೆದ ನೋಟೀಸ್

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿ. ನೀರು, ಲಿಫ್ಟು, ನಾಯಿ ಗಲೀಜು ಅಂತ ನೋಟೀಸ್ ಬರೆದು ಅಭ್ಯಾಸ ಇದೆ. ಬಿ ಬ್ಲಾಕಿನ ಮೂರನೇ ಮಹಡಿಯ ಅಜ್ಜಿ ರಾತ್ರಿ ಮನೆಯಲ್ಲೇ ತೀರಿಕೊಂಡರು. ಆಗ ಬರೆದದ್ದು ಮಾತ್ರ ಬೇರೆ ಥರದ್ದು.

ಬೆಳಗ್ಗೆ ಮೊದಲು ಮಾಡಿದ ಕೆಲಸ, ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿದ್ದು. ಇಲ್ಲದಿದ್ದರೆ "ಓಂ ಶಾಂತಿ", ಕೈ ಮುಗಿದ ಚಿತ್ರಗಳ ಮಳೆ ಸುರಿಯುತ್ತೆ. ಎಷ್ಟು ಗಂಟೆಗೆ ಅನ್ನೋದು ಅದರಡಿ ಮುಚ್ಚಿಹೋಗುತ್ತೆ. ನಡುವೆ ಯಾರೋ "ಏನಾಗಿತ್ತು?" ಅಂತಾನೂ ಕೇಳ್ತಾರೆ.

ಆಮೇಲೆ ಅವರ ಮನೆಗೆ ಹೋದೆ. ಮಗಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಅಳಿಯನ ಹತ್ತಿರ ಮಾತಾಡಿದೆ. ಎಲ್ಲರಿಗೂ ತಿಳಿಸಬಹುದಾ, ದರ್ಶನಕ್ಕೆ ಎಲ್ಲಿ ಇಡ್ತೀರಿ, ಯಾರಿಗಾಗಿ ಕಾಯ್ತಿದ್ದೀರಿ ಅಂತ ಕೇಳಿದೆ. ದುಬೈನಿಂದ ಮಗ ಬರಬೇಕಿತ್ತು, ವಿಮಾನ ಇಳಿಯೋದು ಮಧ್ಯಾಹ್ನ. ಹಾಗಾಗಿ ಮೊದಲು ಎರಡೇ ಸಾಲು ಕಳಿಸಿದೆ: ತೀರಿಕೊಂಡಿದ್ದಾರೆ, ದರ್ಶನದ ಸಮಯ ಆಮೇಲೆ ತಿಳಿಸುತ್ತೇವೆ. ಅಂದಾಜಿನ ಸಮಯ ಹಾಕಿದರೆ ಜನ ಆಫೀಸಿಗೆ ರಜೆ ಹಾಕಿ ಕಾಯ್ತಾರೆ, ಆಮೇಲೆ ತಿದ್ದಿದ ನೋಟೀಸನ್ನು ಅರ್ಧ ಜನ ಓದಲ್ಲ.

ಸಮಯ ನಿಂತಿದ್ದು ವಿದ್ಯುತ್ ಚಿತಾಗಾರದ ಮೇಲೆ. ಅಲ್ಲಿ 6 ಗಂಟೆಗೆ ಜಾಗ ಸಿಕ್ಕಿತು. ಸಂಜೆಯ ಟ್ರಾಫಿಕ್ಕಿಗೆ ಒಂದು ಗಂಟೆ ಬಿಟ್ಟು ಹಿಂದಕ್ಕೆ ಲೆಕ್ಕ ಹಾಕಿದೆವು. ಮನೆಯಲ್ಲಿ ಸತ್ತವರಿಗೆ, ನೋಡಿಕೊಳ್ಳುತ್ತಿದ್ದ ವೈದ್ಯರು ಸಾವಿನ ಕಾರಣ ಬರೆದು ಕೊಡುವ ನಮೂನೆ 4ಎ ಬೇಕು. ಜೊತೆಗೆ ಆಧಾರ್ ಪ್ರತಿಗಳು. ಅದನ್ನು ಅಳಿಯನಿಗೆ ನೆನಪಿಸಿದೆ, ನೋಟೀಸಿಗೆ ಅದು ಬೇಡ. ಎಲ್ಲ ಗೊತ್ತಾದ ಮೇಲೆ ಬರೆದದ್ದು ಇಷ್ಟು:

"ಬಿ ಬ್ಲಾಕ್ ಮೂರನೇ ಮಹಡಿಯ ಹಿರಿಯರಾದ ಶ್ರೀಮತಿ ... ಅವರು (84 ವರ್ಷ) ನಿನ್ನೆ ರಾತ್ರಿ ನಿಧನರಾದರು. ಅಂತಿಮ ದರ್ಶನ ಇಂದು ಮಧ್ಯಾಹ್ನ 3ರಿಂದ 4.30ರವರೆಗೆ, ಬಿ ಬ್ಲಾಕ್ ಮುಂದಿನ ಅಂಗಳದಲ್ಲಿ. 5 ಗಂಟೆಗೆ ಚಿತಾಗಾರಕ್ಕೆ ಹೊರಡುತ್ತಾರೆ. 2ರಿಂದ 5ರವರೆಗೆ ಬಿ ಬ್ಲಾಕಿನ ದೊಡ್ಡ ಲಿಫ್ಟನ್ನು ಕುಟುಂಬದವರಿಗೆ ಬಿಟ್ಟುಕೊಡಿ. ಗೇಟಿನ ಪಕ್ಕದ ವಿಸಿಟರ್ ಪಾರ್ಕಿಂಗ್ ಅವರ ಬಂಧುಗಳಿಗೆ. ಅಂಗಳದಲ್ಲಿ ಮಕ್ಕಳ ಆಟ ಇಂದು ಬೇಡ. ಏನಾದರೂ ಕೇಳಬೇಕಿದ್ದರೆ ಮನೆಯವರಿಗೆ ಫೋನ್ ಮಾಡದೆ ನನಗೆ ಮಾಡಿ. - ಕಾರ್ಯದರ್ಶಿ"

"ವೈಕುಂಠವಾಸಿ" ಅಂತ ಹಾಕಿ ಅಂದರು ಒಬ್ಬ ಸಮಿತಿ ಸದಸ್ಯರು. ಅದು ಮನೆಯವರು ತಮ್ಮ ಕಾರ್ಡಿನಲ್ಲಿ ಹಾಕಿಕೊಳ್ಳಲಿ, ಸಂಘದ ನೋಟೀಸು ಸಾದಾ ಇದ್ದರೆ ಸಾಕು ಅಂದೆ. ಕಾಯಿಲೆ, ಗುಣಗಾನ ಎರಡನ್ನೂ ಬಿಟ್ಟೆ. ಫೋಟೋ ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಇಂಗ್ಲಿಷಿನಲ್ಲೂ ಒಂದು ಬರೆದು, ಎರಡನ್ನೂ ಎಲ್ಲ ಲಿಫ್ಟುಗಳ ಪಕ್ಕ ಅಂಟಿಸಿಸಿದೆ. ವಾಟ್ಸಾಪ್ ನೋಡದ ಹಿರಿಯರೇ ನಮ್ಮಲ್ಲಿ ಜಾಸ್ತಿ, ಬರಬೇಕಾದವರೂ ಅವರೇ ಅಲ್ವಾ.

ಅಂಗಳ ಆರಿಸಿದ್ದಕ್ಕೆ ಕಾರಣ ಇತ್ತು. ಕೆಳಗಿನ ಪಾರ್ಕಿಂಗ್‌ನಲ್ಲಿ ನೆರಳಿದೆ ನಿಜ. ಆದರೆ ಮಡಕೆಯಲ್ಲಿ ಬೆಂಕಿ ಹಿಡಿಯುವುದಿತ್ತು. ಅಲ್ಲಿ ಸೂರಿನಲ್ಲೇ ಹೊಗೆ ಪತ್ತೆ ಯಂತ್ರ, ಸೈರನ್ ಹೊಡೆದರೆ ಮುಗೀತು. ಫ್ರೀಜರ್ ಪೆಟ್ಟಿಗೆಗೆ ಕರೆಂಟು ಬೇಕು ಅಂತ ಎಲೆಕ್ಟ್ರಿಷಿಯನ್ ಲಾಬಿಯಿಂದ ವೈರ್ ಎಳೆದು, ಅದು ಜನರೇಟರ್ ಲೈನೇ ಅಂತ ಮೇನ್ ಆಫ್ ಮಾಡಿ ನೋಡಿದರು.

ನೋಟೀಸಿನಲ್ಲಿ ಬರೆಯದೆ ಮಾಡಿದ್ದೂ ಇದೆ. ನಮ್ಮ ಗೇಟ್ ಆ್ಯಪ್‌ನಲ್ಲಿ ಯಾರೇ ಬಂದರೂ ಆ ಮನೆಗೆ ಕರೆ ಹೋಗುತ್ತೆ. ಬರುವ ಒಬ್ಬೊಬ್ಬರಿಗೂ "ಒಳಗೆ ಬಿಡಲಾ?" ಅಂತ ಮಗಳ ಫೋನ್ ಹೊಡೆದುಕೊಂಡರೆ ಏನು ಗತಿ! ಆ ದಿನಕ್ಕೆ ಸೆಕ್ಯುರಿಟಿಯವರಿಗೆ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಬಿಡಿ ಅಂದೆ. ನೀರಿನ ಟ್ಯಾಂಕರನ್ನು ಮಧ್ಯಾಹ್ನಕ್ಕೆ ಮುಂಚೆ ಕರೆಸಿದೆ. ಅದು ಗೇಟಿಗೆ ಅಡ್ಡ ನಿಲ್ಲುತ್ತೆ. ಅಲ್ಲದೆ ಸಂಜೆ ಬಂದವರೆಲ್ಲ ಸ್ನಾನ ಮಾಡ್ತಾರೆ, ಟ್ಯಾಂಕ್ ತುಂಬಿರಬೇಕು. ಶವ ಎತ್ತುವವರೆಗೆ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಎದುರುಮನೆಯವರು ಕಾಫಿ, ಮೇಲಿನವರು ಊಟ ಅಂತ ಫೋನಿನಲ್ಲೇ ಹಂಚಿಕೊಂಡರು. ಗುಂಪಿನಲ್ಲಿ ಹಾಕಿದ್ದರೆ ಹತ್ತು ಮನೆಯಿಂದ ಇಡ್ಲಿ ಬರುತ್ತಿತ್ತು.

ಗೋಡೆಯ ಕಾಗದಗಳನ್ನು ಮರುದಿನ ಬೆಳಗ್ಗೆ ತೆಗೆಸಿದೆ. ಹದಿಮೂರನೇ ದಿನದ ಸಮಾರಾಧನೆಗೆ ಕ್ಲಬ್‌ಹೌಸ್ ಕೇಳಿದರು, ಅದಕ್ಕೆ ಬೇರೆ ನೋಟೀಸ್. ಮರಣ ನೋಂದಣಿಗೆ 21 ದಿನ ಇದೆ ಅಂತ ಅಳಿಯನಿಗೆ ಮತ್ತೊಮ್ಮೆ ಹೇಳಿದೆ. ಮನೆ ಅಜ್ಜಿಯ ಹೆಸರಲ್ಲಿತ್ತು. ಮೆಂಟೆನೆನ್ಸ್ ಬಾಕಿ ಅಂತ ಅವರ ಹೆಸರಿಗೆ ತಾನಾಗಿ ಹೋಗುವ ಸಂದೇಶವನ್ನು ಮ್ಯಾನೇಜರ್‌ಗೆ ಹೇಳಿ ನಿಲ್ಲಿಸಿದೆ. ಹೆಸರು ಬದಲಿಸುವ ಕಾಗದಪತ್ರ ಅವರಾಗಿ ತಂದಾಗ ನೋಡೋಣ ಅಂತ ಬಿಟ್ಟಿದ್ದೇವೆ.