ಆರು ಮಿಲಿಮೀಟರ್ ಗೆರೆಯಿಂದ ಶುರುವಾದ ಡೈರಿ ಪುಟ

ಪಾಕೆಟ್ ಡೈರಿಗೆ ನಾನು ಆರಿಸಿಕೊಂಡದ್ದು ಎ6 ಅಳತೆ, 105 × 148 ಮಿ.ಮೀ. ಮೊದಲ ಸಲ ಎತ್ತರವನ್ನು ಏಳು ದಿನಕ್ಕೆ ಸಮನಾಗಿ ಹಂಚಿ, ಒಂದೊಂದು ದಿನಕ್ಕೆ ನಾಲ್ಕು ಗೆರೆ ಎಳೆದೆ. ಗೆರೆಗಳ ಅಂತರ 5 ಮಿ.ಮೀ.ಗೆ ಇಳಿಯಿತು. ನೋಡಲು ಅಚ್ಚುಕಟ್ಟು, ಬರೆಯಲು ಕೂತರೆ ಇಕ್ಕಟ್ಟು. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ತಲೆಕಟ್ಟು, ಗುಡಿಸು, ಎರಡಕ್ಕೂ ಜಾಗ ಬೇಕು. ‘ವೈಶಿಷ್ಟ್ಯ’ ಎಂದು ಬರೆದು, ಅದರಡಿಯ ಸಾಲಿನಲ್ಲಿ ‘ಕಿಟಕಿ’ ಎಂದು ಬರೆದು ನೋಡಿ. ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗಿದರೆ ಅಂತರ ಸಾಲದು ಎಂದೇ ಅರ್ಥ.

ನನ್ನ ಕೈಬರಹಕ್ಕೆ 6 ಮಿ.ಮೀ. ಸರಿಹೋಯಿತು. ಹಾಗಾಗಿ ಲೆಕ್ಕವನ್ನು ಗೆರೆಯಿಂದಲೇ ಶುರುಮಾಡಿದೆ. ದಿನಕ್ಕೆ ಮೂರು ಸಾಲು, ಅಂದರೆ 18 ಮಿ.ಮೀ.; ಏಳು ದಿನಕ್ಕೆ 126. ಉಳಿದ 22ರಲ್ಲಿ 13 ಮಿ.ಮೀ. ತಿಂಗಳು ಮತ್ತು ವಾರ ಬರೆಯಲು ಮೇಲೆ, 9 ಕೆಳಗೆ. ಭಾನುವಾರದ ಮನೆಯನ್ನು ಕಿರಿದು ಮಾಡುವ ರೂಢಿ ನನಗೆ ಹಿಡಿಸದು. ಮನೆಗೆಲಸದ ಪಟ್ಟಿ ಉದ್ದವಾಗುವುದೇ ಅವತ್ತು.

ಏಳೂ ದಿನ ಎಡಪುಟದಲ್ಲಿ, ಬಲಪುಟವಿಡೀ ಟಿಪ್ಪಣಿಗೆ. ಬಲಪುಟದ 21 ಸಾಲುಗಳೂ ಎಡಪುಟದ ಗೆರೆಗಳ ನೇರಕ್ಕೇ ಬರಬೇಕು. ಆಗ ಬುಧವಾರದ ಮಾತು ಮೂರು ಸಾಲಿಗೆ ಮುಗಿಯದಿದ್ದರೆ ಅದೇ ನೇರದಲ್ಲಿ ಬಲಕ್ಕೆ ಮುಂದುವರಿಸಬಹುದು, ಬಾಣ ಹಾಕಿ ತೋರಿಸುವ ಕಷ್ಟವಿಲ್ಲ. ತಾರೀಖಿನ ಕಾಲಂ 14 ಮಿ.ಮೀ., ಪುಟದ ಹೊರ ಅಂಚಿಗೆ. ಹೆಬ್ಬೆರಳಲ್ಲಿ ಹಾಳೆ ಸರಿಸುವಾಗ ಕಣ್ಣಿಗೆ ಬೀಳುವುದು ಆ ಅಂಚೇ. ಹೊಲಿಗೆಯ ಕಡೆ 12, ಹೊರಗೆ 5 ಮಿ.ಮೀ. ಬಿಟ್ಟರೆ ಬರೆಯಲು 74 ಉಳಿಯುತ್ತದೆ. ಬೆನ್ನಿಗೆ ಗೋಂದು ಹಾಕಿ ಬೈಂಡ್ ಮಾಡುವುದಾದರೆ 12 ಕಡಿಮೆಯೇ, ಪುಟ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, 15 ಬಿಡಿ.

ಗೆರೆಯ ಬಣ್ಣದಲ್ಲಿ ಇನ್ನೊಂದು ಎಡವಟ್ಟಾಯಿತು. ತಿಳಿ ಬೂದು ಬಣ್ಣ ಕೊಟ್ಟು ಲೇಸರ್ ಪ್ರಿಂಟರಿನಲ್ಲಿ ತೆಗೆದಾಗ ಗೆರೆಗಳು ಇರುವೆ ಸಾಲಿನಂತೆ ಚುಕ್ಕಿಚುಕ್ಕಿಯಾಗಿ ಬಂದವು. ಕಪ್ಪು ಟೋನರಿನ ಪ್ರಿಂಟರ್ ಬೂದು ಬಣ್ಣವನ್ನು ಕಪ್ಪು ಚುಕ್ಕಿಗಳಿಂದಲೇ ತೋರಿಸಬೇಕು. ಅಷ್ಟು ಸಪೂರ ಗೆರೆಯಲ್ಲಿ ಚುಕ್ಕಿಗಳು ಕೂಡಿಕೊಳ್ಳುವುದಿಲ್ಲ. ಅಪ್ಪಟ ಕಪ್ಪಿನಲ್ಲಿ 0.1 ಮಿ.ಮೀ. ದಪ್ಪ ಕೊಟ್ಟೆ: ಗೆರೆ ತುಂಡಾಗಲಿಲ್ಲ, ಬರಹದ ಮೇಲೆ ಮೆರೆಯಲೂ ಇಲ್ಲ. ದಿನ ದಿನದ ನಡುವಿನ ಗೆರೆಗೆ ಮಾತ್ರ 0.3.

ಪ್ರಿಂಟ್ ಕೊಡುವಾಗ `Fit` ಬಿಟ್ಟು `Actual size` ಆರಿಸಬೇಕು. ಮೊದಲ ಪ್ರತಿ ಬಂದ ಕೂಡಲೇ ಸೋಮವಾರದ ಮೇಲಿನ ಗೆರೆಯಿಂದ ಭಾನುವಾರದ ಕೆಳಗಿನ ಗೆರೆಯವರೆಗೆ ಸ್ಕೇಲ್ ಇಟ್ಟು ನೋಡುತ್ತೇನೆ. 126ರ ಬದಲು 122 ಬಂದರೆ ಪುಟ ಕುಗ್ಗಿದೆ. ಆ ಪ್ರತಿ ರಫ್ ಹಾಳೆಗಳ ಜೊತೆ ಸೇರುತ್ತದೆ.