ಕಾಕಂಬಿ ಮಾರುವುದೋ, ಎಥೆನಾಲ್ ಮಾಡುವುದೋ: ಲೆಕ್ಕ ಹಾಕುವ ಬಗೆ

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಏನು ಮಾಡಬೇಕು ಎಂಬ ವಾದ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯಲ್ಲಿ ಮತ್ತೆ ಮತ್ತೆ ಏಳುತ್ತದೆ. ಕಾಕಂಬಿಗೆ ಹೊರಗೆ ಒಳ್ಳೆಯ ದರ ಬಂದಿದೆ, ಟ್ಯಾಂಕರ್ ತುಂಬಿಸಿ ಕಳುಹಿಸಿಬಿಡೋಣ ಎಂದು ಒಬ್ಬರು ಹೇಳಿದರೆ, ಡಿಸ್ಟಿಲರಿ ಇಟ್ಟುಕೊಂಡು ಕಾಕಂಬಿ ಮಾರುವುದೇ ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರ ಕೈಯಲ್ಲಿಯೂ ಇರುವುದು ಅದೇ ವಾರ್ಷಿಕ ವರದಿ. ಆ ವರದಿಯ ಡಿಸ್ಟಿಲರಿ ಪುಟವನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ತಪ್ಪು ದಾರಿ. ಬೇಕಾದ ಲೆಕ್ಕ ಬೇರೆಯೇ ಇದೆ. ಅದು ಒಂದು ಹಾಳೆಯಲ್ಲಿ ಮುಗಿಯುತ್ತದೆ. ಆದರೆ ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿದಿರಬೇಕು.

ಮೊದಲು ಗೆರೆ ಎಳೆಯಿರಿ

ಕಬ್ಬು ನುರಿಸುವಾಗ ಮೊದಲು ಬೇರ್ಪಡುವುದು ಸಿಪ್ಪೆ, ಅಂದರೆ ಬಗಾಸ್. ಆಮೇಲೆ ರಸಕ್ಕೆ ಸುಣ್ಣ ಹಾಕಿ ತಿಳಿಗೊಳಿಸುವಾಗ ಕೆಸರು, ಅಂದರೆ ಪ್ರೆಸ್‌ಮಡ್ ಹೊರಬರುತ್ತದೆ. ಉಳಿದ ಪಾಕವನ್ನು ಎ, ಬಿ, ಸಿ ಎಂದು ಮೂರು ಹಂತಗಳಲ್ಲಿ ಕುದಿಸಿ, ಪ್ರತಿ ಹಂತದಲ್ಲೂ ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ತಿರುಗಿಸಿ ಹರಳನ್ನು ಬೇರ್ಪಡಿಸುತ್ತಾರೆ. ಮೂರನೆಯ ಹಂತದ ಯಂತ್ರದಿಂದ ಕಪ್ಪಗೆ, ದಪ್ಪಗೆ, ಎಳೆ ಎಳೆಯಾಗಿ ಇಳಿಯುವ ದ್ರವವೇ ಸಿ-ಹೆವಿ ಕಾಕಂಬಿ. ಅದರಿಂದ ಇನ್ನು ಸಕ್ಕರೆ ತೆಗೆಯುವುದು ಲಾಭಕರವಲ್ಲ. ಸಾಮಾನ್ಯವಾಗಿ ನೂರು ಟನ್ ಕಬ್ಬಿಗೆ ನಾಲ್ಕರಿಂದ ಐದು ಟನ್ ಸಿಗುತ್ತದೆ.

ಆ ಕಾಕಂಬಿ ತೂಕದ ಯಂತ್ರ ದಾಟಿ ಟ್ಯಾಂಕಿನ ಕಡೆಗೆ ಹರಿಯುವ ಜಾಗವೇ ಬೇರ್ಪಡುವ ಹಂತ. ಅಲ್ಲಿ ಒಂದು ಗೆರೆ ಎಳೆಯಿರಿ. ಕಬ್ಬಿನ ಬಿಲ್ಲು, ಕಟಾವು ಮತ್ತು ಸಾಗಾಟ, ಗಿರಣಿಯ ಸಂಬಳ, ಸುಣ್ಣ, ಗಂಧಕ, ದುರಸ್ತಿ ಎಲ್ಲವೂ ಗೆರೆಯ ಹಿಂದಿನ ಖರ್ಚುಗಳು. ಸಕ್ಕರೆ ಬೇಕೆಂದರೆ ಅವನ್ನು ಮಾಡಲೇಬೇಕು. ಕಾಕಂಬಿಯನ್ನು ಮಾರಿದರೂ, ಡಿಸ್ಟಿಲರಿಗೆ ಕಳುಹಿಸಿದರೂ ಅವುಗಳಲ್ಲಿ ಒಂದು ಪೈಸೆಯೂ ಬದಲಾಗುವುದಿಲ್ಲ.

ಹಂಚಿದ ವೆಚ್ಚವನ್ನು ಅಳಿಸಿ

ಲೆಕ್ಕಪತ್ರ ವಿಭಾಗ ಗೆರೆಯ ಹಿಂದಿನ ಜಂಟಿ ವೆಚ್ಚವನ್ನು ಸಕ್ಕರೆ, ಕಾಕಂಬಿಗಳ ಮೇಲೆ ಯಾವುದಾದರೊಂದು ಅಳತೆಯಲ್ಲಿ ಹಂಚುತ್ತದೆ. ದಾಸ್ತಾನಿಗೆ ಬೆಲೆ ಕಟ್ಟಲು ಅದು ಬೇಕು. ಈ ನಿರ್ಧಾರಕ್ಕೆ ಬೇಡ. ಯಾಕೆ ಬೇಡ ಎಂಬುದನ್ನು ಒಂದು ಅತಿರೇಕದ ಉದಾಹರಣೆಯಿಂದ ನೋಡಬಹುದು. ಒಂದು ಟನ್ ಕಬ್ಬಿನ ಬೆಲೆ ಮತ್ತು ನುರಿಸುವ ಖರ್ಚು ಸೇರಿ 4,000 ರೂಪಾಯಿ ಆಯಿತು, ಅದರಿಂದ 100 ಕಿಲೊ ಸಕ್ಕರೆ, 45 ಕಿಲೊ ಕಾಕಂಬಿ ಬಂತು ಎಂದಿಟ್ಟುಕೊಳ್ಳಿ. ತೂಕದ ಪ್ರಕಾರ ಹಂಚಿದರೆ ಒಂದು ಟನ್ ಕಾಕಂಬಿಯ 'ವೆಚ್ಚ' ಸುಮಾರು 27,600 ರೂಪಾಯಿ! ಆ ಬೆಲೆಗೆ ಕೊಂಡು ಯಾವ ಡಿಸ್ಟಿಲರಿಯೂ ಬದುಕುವುದಿಲ್ಲ. ಹಾಗೆಂದು ಮುಚ್ಚಿದರೆ ಆ 27,600 ಉಳಿಯುವುದೂ ಇಲ್ಲ, ಅದು ಸಕ್ಕರೆಯ ತಲೆಯ ಮೇಲೆ ಹೋಗಿ ಕೂರುತ್ತದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಮತ್ತು ನನ್ನ ಅನುಭವದಲ್ಲಿ ಹೆಚ್ಚು ಹಾನಿ ಮಾಡುವುದು ಅದೇ. ಕಾಕಂಬಿ ನಮ್ಮದೇ, ಅದಕ್ಕೆ ಖರ್ಚಿಲ್ಲ ಎಂದು ಸೊನ್ನೆ ಬೆಲೆಗೆ ಡಿಸ್ಟಿಲರಿಗೆ ಬಿಡುವುದು. ಆಗ ಡಿಸ್ಟಿಲರಿ ಯಾವ ವರ್ಷವೂ ನಷ್ಟ ತೋರಿಸುವುದಿಲ್ಲ, ಕಾಕಂಬಿಯನ್ನು ಮಾರಿದ್ದರೆ ಹೆಚ್ಚು ಬರುತ್ತಿದ್ದ ವರ್ಷವೂ ಸಹ. ಸರಿಯಾದ ಬೆಲೆ ಒಂದೇ: ಇಂದು ಕಾರ್ಖಾನೆಯ ಬಾಗಿಲಲ್ಲಿ ಕೊಳ್ಳುವವರು ಕೊಡುವ ದರ, ಅದರಲ್ಲಿ ಟ್ಯಾಂಕರ್ ತುಂಬಿಸುವ ಖರ್ಚನ್ನು ಕಳೆದು. ಕೈತಪ್ಪುವ ಹಣ ಅಷ್ಟೇ.

ಪ್ರಯೋಗಾಲಯದ ಹಾಳೆಯಿಂದ ಲೀಟರ್‌ಗೆ

ಒಂದು ಟನ್ ಕಾಕಂಬಿಯಿಂದ ಎಷ್ಟು ಲೀಟರ್ ಬರುತ್ತದೆ ಎಂಬುದಕ್ಕೆ ಬಾಯಿಮಾತಿನ ಅಂದಾಜು ಸಾಲದು. ಕಾಕಂಬಿಯಲ್ಲಿ ಹುದುಗಬಲ್ಲ ಸಕ್ಕರೆ ಎಷ್ಟು ಶೇಕಡಾ ಇದೆ ಎಂದು ಪ್ರಯೋಗಾಲಯ ಅಳೆಯುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅಂಥ ಒಂದು ಕಿಲೊ ಸಕ್ಕರೆಯಿಂದ ಹೆಚ್ಚೆಂದರೆ ಸುಮಾರು 0.644 ಲೀಟರ್ ಆಲ್ಕೋಹಾಲ್ ಬರಬಹುದು. ಹುದುಗುವಿಕೆಯಲ್ಲಿ ಶೇ 90, ಬಟ್ಟಿ ಇಳಿಸುವಾಗ ಶೇ 98.5 ಕೈಗೆ ಸಿಗುತ್ತದೆ ಎಂದರೆ, ಶೇ 40ರಷ್ಟು ಹುದುಗಬಲ್ಲ ಸಕ್ಕರೆ ಇರುವ ಒಂದು ಟನ್ ಕಾಕಂಬಿ ಸುಮಾರು 228 ಲೀಟರ್ ಕೊಡುತ್ತದೆ. ನಾವು 230 ಎಂದು ಹಿಡಿಯೋಣ.

ಈ ಸಂಖ್ಯೆ ಟ್ಯಾಂಕಿನಲ್ಲಿಯೇ ಇಳಿಯಬಹುದು ಎಂಬುದನ್ನು ಮರೆಯಬಾರದು. ಕಾಕಂಬಿಯನ್ನು ಬಿಸಿಯಾಗಿಯೇ ತುಂಬಿದರೆ, ಬೇಸಿಗೆಯಲ್ಲಿ ತಂಪು ಮಾಡದೆ ಬಿಟ್ಟರೆ ಅದು ತನ್ನೊಳಗೇ ಕೆಡಲು ಶುರುವಾಗುತ್ತದೆ. ಸಕ್ಕರೆ ನಾಶವಾಗುತ್ತಾ ಇನ್ನಷ್ಟು ಶಾಖ ಹುಟ್ಟುತ್ತದೆ. ಹೊರಗೆ ಬಿಸಿಲು ಹೆಚ್ಚದಿದ್ದರೂ ಟ್ಯಾಂಕಿನ ಉಷ್ಣತೆ ದಿನದಿಂದ ದಿನಕ್ಕೆ ಏರುವುದು, ಮೇಲ್ಭಾಗದಲ್ಲಿ ನೊರೆ ಉಬ್ಬುವುದು ಇದರ ಗುರುತು. ಆಗ ಕಾಕಂಬಿಯನ್ನು ಪಂಪ್ ಮಾಡಿ ಸುತ್ತಿಸಬೇಕು, ಟ್ಯಾಂಕಿನ ಹೊರಮೈಗೆ ನೀರು ಸಿಂಪಡಿಸಬೇಕು. ಹಂಗಾಮು ಮುಗಿದ ಮೇಲೂ ಹಲವು ತಿಂಗಳು ಡಿಸ್ಟಿಲರಿ ನಡೆಸುವ ಯೋಜನೆ ಇದ್ದರೆ ಜನವರಿಯ ಹಾಳೆಯನ್ನು ಜೂನ್‌ಗೆ ಬಳಸಬೇಡಿ. ಹೊಸದಾಗಿ ಅಳೆಯಿರಿ.

ಗೆರೆಯ ಆಚೆಗಿನ ಖರ್ಚು

ಈಗ ಡಿಸ್ಟಿಲರಿ ನಡೆದರೆ ಮಾತ್ರ ಹುಟ್ಟುವ, ನಿಲ್ಲಿಸಿದರೆ ಇಲ್ಲವಾಗುವ ಖರ್ಚುಗಳನ್ನು ಬರೆಯಿರಿ. ಯೀಸ್ಟ್ ಮತ್ತು ರಾಸಾಯನಿಕ, ಬಿಡಿಭಾಗ, ಹೆಚ್ಚುವರಿ ಕಾರ್ಮಿಕರ ಸಂಬಳ, ದುಡಿಯುವ ಬಂಡವಾಳದ ಬಡ್ಡಿ ಸುಲಭವಾಗಿ ಸಿಗುತ್ತವೆ. ಎರಡು ಖರ್ಚುಗಳು ಮಾತ್ರ ಕಣ್ತಪ್ಪುತ್ತವೆ.

ಒಂದು, ಉಗಿ. ಬಾಯ್ಲರ್‌ಗೆ ನಮ್ಮದೇ ಬಗಾಸ್, ಹಾಗಾಗಿ ಉಗಿ ಪುಕ್ಕಟೆ ಎನ್ನುತ್ತಾರೆ. ಒಂದು ಲೀಟರ್‌ಗೆ ಮೂರೂವರೆ ಕಿಲೊ ಉಗಿ ಬೇಕೆಂದರೆ ಒಂದು ಟನ್ ಕಾಕಂಬಿಗೆ ಸುಮಾರು 800 ಕಿಲೊ ಉಗಿ, ಅದಕ್ಕೆ ಸುಮಾರು 365 ಕಿಲೊ ಬಗಾಸ್ ಸುಡಬೇಕು. ಆ ಬಗಾಸ್ ಕಾಗದದ ಗಿರಣಿಗೆ ಮಾರಾಟವಾಗುತ್ತಿತ್ತೇ? ಹಾಗಿದ್ದರೆ ಅದರ ಮಾರಾಟ ದರವೇ ಉಗಿಯ ಖರ್ಚು. ಟನ್‌ಗೆ 2,500 ರೂಪಾಯಿ ಎಂದು ಹಿಡಿದರೆ ಲೀಟರ್‌ಗೆ ಸುಮಾರು 4 ರೂಪಾಯಿ. ಯಾರೂ ಕೊಳ್ಳದೆ ಅಂಗಳದಲ್ಲಿ ರಾಶಿ ಬಿದ್ದಿದ್ದರೆ ಮಾತ್ರ ಅದು ಪುಕ್ಕಟೆ.

ಇನ್ನೊಂದು, ಸ್ಪೆಂಟ್‌ವಾಶ್. ಒಂದು ಲೀಟರ್ ಆಲ್ಕೋಹಾಲ್‌ಗೆ ಹತ್ತು ಲೀಟರ್ ಆಸುಪಾಸು ಕಂದು ಬಣ್ಣದ ತ್ಯಾಜ್ಯ ಉಳಿಯುತ್ತದೆ. ಅದನ್ನು ಹಳ್ಳಕ್ಕೆ ಬಿಡುವಂತಿಲ್ಲ. ಆವಿಯಾಗಿಸಿ ಬಾಯ್ಲರ್‌ನಲ್ಲಿ ಸುಡಬೇಕು, ಅಥವಾ ಪ್ರೆಸ್‌ಮಡ್ ಜೊತೆ ಬೆರೆಸಿ ಗೊಬ್ಬರ ಮಾಡಬೇಕು. ಪ್ರೆಸ್‌ಮಡ್ ಅನ್ನು ಬೇರೆ ಯಾರಾದರೂ ಹಣ ಕೊಟ್ಟು ಕೊಳ್ಳುತ್ತಿದ್ದರೆ ಆ ಹಣವೂ ಇಲ್ಲಿನ ಖರ್ಚಿಗೆ ಸೇರಬೇಕು.

ಈಗಾಗಲೇ ಕಟ್ಟಿರುವ ಡಿಸ್ಟಿಲರಿಯ ಸವಕಳಿಯನ್ನು ಸೇರಿಸಬೇಡಿ. ಆ ಹಣ ಹೋಗಿಯಾಗಿದೆ. ಹೊಸ ಡಿಸ್ಟಿಲರಿ ಕಟ್ಟಬೇಕೇ ಎಂಬ ಪ್ರಶ್ನೆಯಾದರೆ ಮಾತು ಬೇರೆ, ಆಗ ಬಂಡವಾಳವೂ ಬಡ್ಡಿಯೂ ಲೆಕ್ಕಕ್ಕೆ ಬರಲೇಬೇಕು.

ಎರಡು ಸಾಲಿನ ಹೋಲಿಕೆ

2024-25ರ ಎಥೆನಾಲ್ ಪೂರೈಕೆ ವರ್ಷಕ್ಕೆ ಕೇಂದ್ರ ಸರ್ಕಾರ ಸಿ-ಹೆವಿ ಕಾಕಂಬಿಯ ಎಥೆನಾಲ್‌ಗೆ ನಿಗದಿ ಮಾಡಿದ ದರ ಲೀಟರ್‌ಗೆ 57.97 ರೂಪಾಯಿ. 230 ಲೀಟರ್‌ಗೆ 13,333 ರೂಪಾಯಿ. ಗೆರೆಯ ಆಚೆಗಿನ ಖರ್ಚು ಎಲ್ಲ ಸೇರಿ ಲೀಟರ್‌ಗೆ 10 ರೂಪಾಯಿ ಎಂದು ಹಿಡಿದರೆ 2,300 ಕಳೆದು 11,033 ಉಳಿಯುತ್ತದೆ. ಕಾಕಂಬಿಯ ಮಾರುಕಟ್ಟೆ ದರ ಟನ್‌ಗೆ 9,000 ಇದ್ದರೆ, ಎಥೆನಾಲ್ ಮಾಡುವುದರಿಂದ ಪ್ರತಿ ಟನ್‌ಗೆ 2,033 ರೂಪಾಯಿ ಹೆಚ್ಚು.

ಇಲ್ಲಿ ನೆನಪಿಡಬೇಕಾದ ಸಂಖ್ಯೆ 11,033. ಕೊಳ್ಳುವವರು ಅದಕ್ಕಿಂತ ಹೆಚ್ಚು ಕೊಡುವ ದಿನ ಮಾರುವುದೇ ಸರಿ, ಡಿಸ್ಟಿಲರಿಯ ಮೇಲೆ ಎಷ್ಟೇ ಅಭಿಮಾನವಿರಲಿ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪೆಟ್ರೋಲ್ ಜೊತೆ ಬೆರೆಸಲು ಎಥೆನಾಲ್ ಕೊಳ್ಳುವ ತೈಲ ಕಂಪನಿಗಳೊಂದಿಗೆ ಪೂರೈಕೆಯ ಒಪ್ಪಂದ ಆಗಿದ್ದರೆ, ತಪ್ಪಿಸಿಕೊಂಡದ್ದಕ್ಕೆ ಕಟ್ಟಬೇಕಾದ ದಂಡವನ್ನೂ ಮಾರಾಟದ ಸಾಲಿನಿಂದ ಕಳೆಯಬೇಕು.

ಗೆರೆಯನ್ನೇ ಹಿಂದಕ್ಕೆ ಸರಿಸಿದರೆ

ಬಿ-ಹೆವಿ ಎಥೆನಾಲ್ ವಿಷಯದಲ್ಲಿ ಬಹಳಷ್ಟು ಲೆಕ್ಕಗಳು ಎಡವುತ್ತವೆ. ಇಲ್ಲಿ ಎರಡನೆಯ ಕುದಿತದ ನಂತರವೇ ಕಾಕಂಬಿಯನ್ನು ತೆಗೆಯುತ್ತಾರೆ. ಅದರಲ್ಲಿ ಇನ್ನೂ ಸಾಕಷ್ಟು ಸಕ್ಕರೆ ಉಳಿದಿರುತ್ತದೆ, ಹಾಗಾಗಿ ಪ್ರತಿ ಟನ್‌ಗೆ ಲೀಟರ್ ಹೆಚ್ಚು, ಸರ್ಕಾರದ ದರವೂ ಹೆಚ್ಚು: 2024-25ರಲ್ಲಿ 60.73 ರೂಪಾಯಿ. ಆದರೆ ಸಕ್ಕರೆ ಇಳುವರಿ ಸುಮಾರು ಒಂದೂವರೆ ಶೇಕಡಾ ಅಂಶದಷ್ಟು ಇಳಿಯುತ್ತದೆ. ಆದ್ದರಿಂದ ಒಂದು ಟನ್ ಕಾಕಂಬಿಯನ್ನು ಇನ್ನೊಂದು ಟನ್ ಕಾಕಂಬಿಯೊಂದಿಗೆ ಹೋಲಿಸುವುದು ಇಲ್ಲಿ ನಡೆಯುವುದಿಲ್ಲ. ಒಂದು ಟನ್ ಕಬ್ಬಿನಿಂದಲೇ ಶುರು ಮಾಡಬೇಕು.

ಸಿ ದಾರಿಯಲ್ಲಿ ಒಂದು ಟನ್ ಕಬ್ಬಿಗೆ 100 ಕಿಲೊ ಸಕ್ಕರೆ, 45 ಕಿಲೊ ಕಾಕಂಬಿಯಿಂದ 10.35 ಲೀಟರ್ ಎಥೆನಾಲ್, ಅಂದರೆ 600 ರೂಪಾಯಿ. ಬಿ ದಾರಿಯಲ್ಲಿ 85 ಕಿಲೊ ಸಕ್ಕರೆ, 65 ಕಿಲೊ ಕಾಕಂಬಿಯಿಂದ 19.5 ಲೀಟರ್, ಅಂದರೆ 1,184 ರೂಪಾಯಿ. ಎಥೆನಾಲ್‌ನಿಂದ ಹೆಚ್ಚು ಬಂದದ್ದು 584. ಹೆಚ್ಚುವರಿ 9.15 ಲೀಟರ್‌ನ ಖರ್ಚು ಸುಮಾರು 91 ಕಳೆದರೆ 493. ಕಳೆದುಕೊಂಡದ್ದು 15 ಕಿಲೊ ಸಕ್ಕರೆ. ಸಕ್ಕರೆ ಕಿಲೊಗೆ 38 ರೂಪಾಯಿ ಇದ್ದು, ಚೀಲ, ಗೋದಾಮು, ಬಡ್ಡಿಯಲ್ಲಿ ಒಂದೂವರೆ ರೂಪಾಯಿ ಉಳಿಯುತ್ತದೆ ಎಂದರೆ ನಷ್ಟ 547. ಪ್ರತಿ ಟನ್ ಕಬ್ಬಿಗೆ 54 ರೂಪಾಯಿ ಕೈಬಿಟ್ಟಂತೆ. ಸಕ್ಕರೆ ದರ ಸುಮಾರು 34 ರೂಪಾಯಿ 35 ಪೈಸೆಗಿಂತ ಕೆಳಗಿದ್ದಾಗ ಮಾತ್ರ ಈ ಕಾರ್ಖಾನೆಗೆ ಬಿ ದಾರಿ ಲಾಭ.

ಹಣದ ವೇಗ ಈ ಅಂತರವನ್ನು ಸ್ವಲ್ಪ ಬದಲಿಸಬಹುದು. ಕಬ್ಬು ತಲುಪಿದ 14 ದಿನಗಳೊಳಗೆ ರೈತರಿಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಸಕ್ಕರೆಯನ್ನು ಕೇಂದ್ರ ನಿಗದಿ ಮಾಡುವ ತಿಂಗಳ ಕೋಟಾದಂತೆ ಮಾರಬೇಕು, ಎಥೆನಾಲ್‌ನ ಹಣ ಅದಕ್ಕಿಂತ ಬೇಗ ಬರುತ್ತದೆ. ಗೋದಾಮಿನಲ್ಲಿ ಎಷ್ಟು ತಿಂಗಳು ಸಕ್ಕರೆ ಕೂರುತ್ತದೆಯೋ ಅಷ್ಟು ತಿಂಗಳ ಬಡ್ಡಿಯನ್ನು ಸೇರಿಸಿ. ಮೇಲಿನ ಒಂದೂವರೆ ರೂಪಾಯಿ ಆಗ ಎರಡೂವರೆಯೂ ಆಗಬಹುದು. ಆಗಲೂ 38ರ ದರದಲ್ಲಿ ತೀರ್ಮಾನ ಬದಲಾಗುವುದಿಲ್ಲ.

ಸರ್ಕಾರದ ಆದೇಶವೊಂದು ಇಡೀ ಹಾಳೆಯನ್ನು ತಲೆಕೆಳಗು ಮಾಡಬಹುದು ಎಂಬುದಕ್ಕೆ 2023ರ ಡಿಸೆಂಬರ್ ಸಾಕ್ಷಿ. ಸಕ್ಕರೆ ಉತ್ಪಾದನೆ ಕುಸಿಯುವ ಭಯದಿಂದ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ಹಂಗಾಮಿನ ನಡುವೆಯೇ ತಡೆಯಿತು. ಕೆಲವೇ ದಿನಗಳಲ್ಲಿ ರಸಕ್ಕೂ ಬಿ-ಹೆವಿಗೂ ಮಿತಿ ಹಾಕಿ ಸಡಿಲಿಸಿತು. ಸಿ-ಹೆವಿಗೆ ಆಗ ಪ್ರೋತ್ಸಾಹಧನ ಸಿಕ್ಕಿತು. ಬಿ ದಾರಿಗೆ ಹೊರಳುವ ಕಾರ್ಖಾನೆ ಮತ್ತೆ ಮೂರನೆಯ ಕುದಿತಕ್ಕೆ ಮರಳಲು ಬೇಕಾದ ಪ್ಯಾನ್ ಮತ್ತು ಸೆಂಟ್ರಿಫ್ಯೂಗಲ್‌ಗಳನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿರಬೇಕು.

ರೈತರ ಪಾಲಿನ ಪ್ರಶ್ನೆ

ಜಂಟಿ ವೆಚ್ಚದ ಹಂಚಿಕೆಗೂ ಈ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದೆ. ಆದರೆ ಕಾಕಂಬಿಗೆ ಕಟ್ಟುವ ಬೆಲೆಗೂ ರೈತನ ಜೇಬಿಗೂ ಸಂಬಂಧವಿದೆ. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದಲ್ಲಿ ಶೇ 70ರಷ್ಟು ಕಬ್ಬು ಬೆಳೆಗಾರರಿಗೆ ಸಲ್ಲಬೇಕು ಎಂದು ಶಿಫಾರಸು ಮಾಡಿತು. ಅಂಥ ಲೆಕ್ಕದಲ್ಲಿ ಕಾಕಂಬಿಯನ್ನು ಡಿಸ್ಟಿಲರಿಗೆ ಕಡಿಮೆ ಬೆಲೆಗೆ ದಾಟಿಸಿದರೆ ಒಟ್ಟು ಲಾಭ ಕುಗ್ಗದೆಯೇ ರೈತರ ಪಾಲು ಕುಗ್ಗುತ್ತದೆ. ಆದ್ದರಿಂದ ಷೇರುದಾರ ರೈತರು ಸಭೆಯಲ್ಲಿ ಡಿಸ್ಟಿಲರಿಯ ಲಾಭ ಎಷ್ಟು ಎಂದು ಕೇಳುವ ಮೊದಲು, ಕಾಕಂಬಿಯನ್ನು ಯಾವ ದರಕ್ಕೆ ವರ್ಗಾಯಿಸಲಾಯಿತು, ಆ ತಿಂಗಳು ಹೊರಗಿನ ದರ ಎಷ್ಟಿತ್ತು ಎಂದು ಕೇಳಬೇಕು. ಎರಡೂ ಸಂಖ್ಯೆಗಳು ಕಾರ್ಖಾನೆಯಲ್ಲಿ ಇದ್ದೇ ಇರುತ್ತವೆ: ಒಂದು ಲೆಕ್ಕಪತ್ರ ವಿಭಾಗದಲ್ಲಿ, ಇನ್ನೊಂದು ಮಾರಾಟ ವಿಭಾಗದ ಟೆಂಡರ್ ಕಡತದಲ್ಲಿ.